ಅಪ್‌ಡೇಟ್: ವಾಲಿದ ಫನಲ್ ಪ್ಲಾಟ್ ಬಗ್ಗೆ ಕೊನೆಗೆ ಏನು ಬರೆದೆ

ನಾನು ಕೇಳಿದ್ದು: "ಹೃದಯಾಘಾತಕ್ಕೆ ಮೆಗ್ನೀಸಿಯಂ ಇಂಜೆಕ್ಷನ್ ಕುರಿತ 16 ಟ್ರಯಲ್‌ಗಳ ಫನಲ್ ಪ್ಲಾಟ್ ಒಂದು ಕಡೆ ವಾಲಿದೆ. ಪಬ್ಲಿಕೇಶನ್ ಬಯಾಸ್ ಅಂತ ಬರೆದುಬಿಡಲೇ?"

ಫನಲ್ ಪ್ಲಾಟ್ ಅಂದರೆ ಪ್ರತಿ ಟ್ರಯಲ್‌ನ ಫಲಿತಾಂಶವನ್ನು ಅದರ ನಿಖರತೆಯ ಎದುರು ಚುಕ್ಕಿಯಾಗಿ ಇಡುವ ಚಿತ್ರ. ಪಬ್ಲಿಕೇಶನ್ ಬಯಾಸ್ ಅಂದರೆ ಲಾಭ ಕಾಣದ ಟ್ರಯಲ್‌ಗಳು ಪ್ರಕಟವಾಗದೆ ಉಳಿಯುವುದು. ಹಾಗೆ ಬರೆಯಲಿಲ್ಲ, ಒಳ್ಳೆಯದೇ ಆಯಿತು. ಮೊದಲು ವಾಲಿಕೆಯನ್ನು ಸರಿದೂಗಿಸುವ ಟ್ರಿಮ್ ಅಂಡ್ ಫಿಲ್ ವಿಧಾನ ಬಳಸಿದೆ. ಅದು ಸುಮ್ನೆ ಇಲ್ಲದ ಚುಕ್ಕಿಗಳನ್ನು ಸೇರಿಸಿತು, ಕಾರಣ ಹೇಳಲಿಲ್ಲ. ಕೆಲಸಕ್ಕೆ ಬಂದದ್ದು ಎರಡು ಮಾಡೆಲ್ ಹೋಲಿಸಿ ಅಂದವರ ಸಲಹೆ. ಟ್ರಯಲ್‌ಗಳನ್ನು ಒಟ್ಟುಗೂಡಿಸುವ R ಪ್ಯಾಕೇಜ್ `metafor`ನಲ್ಲಿ ಒಮ್ಮೆ ರ‍್ಯಾಂಡಮ್ ಮಾಡೆಲ್‌ಗೆ `method="REML"`, ಒಮ್ಮೆ ಫಿಕ್ಸೆಡ್ ಮಾಡೆಲ್‌ಗೆ `method="FE"` ಕೊಟ್ಟೆ. ಮೊದಲನೆಯದರಲ್ಲಿ ಮೆಗ್ನೀಸಿಯಂ ಜೀವ ಉಳಿಸುತ್ತದೆ. ಎರಡನೆಯದರಲ್ಲಿ ಎರಡು ಗುಂಪುಗಳ ಸಾವಿನ ಸಂಭವ ಹೋಲಿಸುವ ಆಡ್ಸ್ ರೇಶಿಯೊ ಹೆಚ್ಚುಕಡಿಮೆ 1, ಅಂದರೆ ಲಾಭವೇ ಇಲ್ಲ! ಡೇಟಾ ಮಾತ್ರ ಅದೇ.

ಯಾಕೆಂದರೆ ಈ 16ರಲ್ಲಿ 1995ರ ಐಸಿಸ್-4 ಎಂಬ ಟ್ರಯಲ್ ಒಂದರಲ್ಲೇ ಸುಮಾರು 58,000 ರೋಗಿಗಳಿದ್ದರು. ಫಿಕ್ಸೆಡ್ ಮಾಡೆಲ್‌ನಲ್ಲಿ ಬಹುಪಾಲು ತೂಕ ಅದರದ್ದೇ. ರ‍್ಯಾಂಡಮ್ ಮಾಡೆಲ್ ಸಣ್ಣ ಟ್ರಯಲ್‌ಗಳಿಗೆ ಜಾಸ್ತಿ ತೂಕ ಕೊಡುತ್ತದೆ, ವಾಲಿದ್ದೂ ಅವೇ ಅಲ್ವಾ.

ಐಸಿಸ್-4ರಲ್ಲಿ ಮದ್ದು ತಡವಾಗಿ ಕೊಟ್ಟಿದ್ದರು ಎಂಬ ವಾದವೂ ಇತ್ತು. ಹಾಗಿದ್ದರೆ ವಾಲಿಕೆಗೆ ಬಯಾಸ್ ಕಾರಣವಲ್ಲ, ಚಿಕಿತ್ಸೆಯ ವ್ಯತ್ಯಾಸ ಕಾರಣ. ನನಗೂ ಇದು ಸರಿ ಅನ್ನಿಸಿತ್ತು. ಆದರೆ 2002ರ ಮ್ಯಾಜಿಕ್ ಟ್ರಯಲ್‌ನಲ್ಲಿ 6,213 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೆಗ್ನೀಸಿಯಂ ಬೇಗನೆ ಕೊಟ್ಟು ನೋಡಿದರು. ಅದರಲ್ಲಿ ಸಾವು 15.3%, ಪ್ಲಸೀಬೊದಲ್ಲಿ 15.2%. ಹಾಗಾಗಿ ತಡವಾದದ್ದೇ ಕಾರಣ ಎಂಬ ವಾದ ನಿಲ್ಲಲಿಲ್ಲ.

ಕೊನೆಗೆ "ಸ್ಮಾಲ್ ಸ್ಟಡಿ ಎಫೆಕ್ಟ್ ಇದೆ, ಪಬ್ಲಿಕೇಶನ್ ಬಯಾಸ್ ಒಂದು ಸಂಭವನೀಯ ಕಾರಣ" ಎಂದಷ್ಟೇ ಬರೆದೆ. ಸ್ಮಾಲ್ ಸ್ಟಡಿ ಎಫೆಕ್ಟ್ ಅಂದರೆ ಸಣ್ಣ ಟ್ರಯಲ್‌ಗಳಲ್ಲಿ ದೊಡ್ಡವಕ್ಕಿಂತ ಹೆಚ್ಚು ಲಾಭ ಕಾಣುವುದು. ಎರಡೂ ಮಾಡೆಲ್‌ನ ಫಲಿತಾಂಶ ಪಕ್ಕಪಕ್ಕದಲ್ಲೇ ಇಟ್ಟಿದ್ದೇನೆ.