10,000 ಅಂತ ಬರೆದ ಪವರ್ ಬ್ಯಾಂಕ್, ಮೀಟರ್‌ನಲ್ಲಿ ಬರೀ 6,350

ಶಿರಸಿ ಮಳೆಗಾಲ: ನಮ್ಮ ಕಡೆ ಗಾಳಿಮಳೆಗೆ ಕರೆಂಟು ಹೋದರೆ ಎರಡು ದಿನ ಪತ್ತೆ ಇರುವುದಿಲ್ಲ. ಅದಕ್ಕೇ ಪವರ್ ಬ್ಯಾಂಕ್ ತಂದೆ. ಮೇಲೆ 10,000 ಎಂಎಎಚ್ ಅಂತ ದಪ್ಪ ಅಕ್ಷರದಲ್ಲಿದೆ. ಫೋನಿನ ಬ್ಯಾಟರಿ 5,000. ಎರಡು ಸಲ ತುಂಬಬೇಕಿತ್ತು ಅಲ್ವಾ? ಮೊದಲ ಸಲ 5ರಿಂದ 100% ಆಯಿತು. ಎರಡನೇ ಸಲ 5ರಿಂದ 50%ಗೆ ಬಂದು ನಿಂತಿತು. ಪವರ್ ಬ್ಯಾಂಕಿನ ಬಾಯಿಗೇ ಯುಎಸ್‌ಬಿ ಮೀಟರ್ ಸಿಕ್ಕಿಸಿದ್ದೆ, ಒಟ್ಟು 6,350 ತೋರಿಸಿತು. ಅಂಗಡಿಯವರು ಟೋಪಿ ಹಾಕಿದರಾ?

ಕುಮಟಾ ಕಿಟ್ಟಿ: ಟೋಪಿ ಅಲ್ಲ. ಒಳಗಿನ ಸೆಲ್ 3.7 ವೋಲ್ಟ್, ಹೊರಗೆ ಬರುವುದು 5 ವೋಲ್ಟ್. ಲೆಕ್ಕ ಹಾಕಿದರೆ 7,400 ಬರುತ್ತದೆ. ವೋಲ್ಟೇಜ್ ಏರಿಸುವಾಗಲೇ 2,600 ಸುಟ್ಟುಹೋಯಿತು.

ಹಳೇ ರಿಪೇರಿಯವ: ಕಿಟ್ಟಿ, ಲೆಕ್ಕ ಸರಿ, ಕೊನೆಯ ಮಾತು ತಪ್ಪು. ಆ 2,600 ಸುಟ್ಟಿಲ್ಲ. ವೋಲ್ಟೇಜ್ ಏರಿದರೆ ಎಂಎಎಚ್ ಇಳಿಯುತ್ತದೆ, ಅಷ್ಟೇ. ಫೋನಿನೊಳಗೆ ವೋಲ್ಟೇಜ್ ಮತ್ತೆ ಇಳಿಯುವಾಗ ಎಂಎಎಚ್ ಏರುತ್ತದೆ. ಹಸಿ ಅಡಿಕೆಯ ತೂಕವನ್ನು ಚಾಲಿಯ ತೂಕದ ಪಕ್ಕ ಇಟ್ಟು ನೋಡಿದ ಹಾಗಾಯಿತು ಇದು. ವೋಲ್ಟೇಜ್ ಬೇರೆ ಇದ್ದಾಗ ವ್ಯಾಟ್-ಅವರ್‌ನಲ್ಲೇ ಅಳೆಯಬೇಕು.

ಸೆಲ್‌ನಲ್ಲಿ ಇರುವುದು 10 × 3.7 = 37 ವ್ಯಾಟ್-ಅವರ್. ಮೀಟರ್ ದಾಟಿದ್ದು 6.35 × 5, ಸುಮಾರು 31.8. ನಿಜವಾಗಿ ಹೋದದ್ದು ಈ 5 ಚಿಲ್ಲರೆ, ಅಂದರೆ 14%. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಬಿಸಿಯಾಗುತ್ತದಲ್ಲ, ಅದರ ಪಾಲು. 85-90% ಹೊರಗೆ ಬಂದರೆ ಒಳ್ಳೆಯ ಮಾಲು.

ಇನ್ನು ಫೋನು. ಅದರ ಬ್ಯಾಟರಿ 5 × 3.85, ಹತ್ತಿರ ಹತ್ತಿರ 19. ನೀವು ತುಂಬಿದ್ದು 95 ಮತ್ತು 45, ಒಟ್ಟು 140%. ಅಂದರೆ 27. ಮೀಟರ್ ದಾಟಿದ ಮೇಲೂ ಐದು ಹೋಯಿತು. ಕೇಬಲ್, ಫೋನಿನ ಚಾರ್ಜಿಂಗ್ ಸರ್ಕ್ಯೂಟ್, ಆನ್ ಇದ್ದ ಸ್ಕ್ರೀನ್, ಎಲ್ಲಾ ಸೇರಿ ತಿಂದವು. ಹಿಂಬದಿಯ ಸಣ್ಣ ಅಕ್ಷರ ಓದಿ, 5 ವೋಲ್ಟ್‌ಗೆ ರೇಟೆಡ್ ಕೆಪಾಸಿಟಿ ಅಂತ ಇರುತ್ತದೆ.

ಶಿರಸಿ ಮಳೆಗಾಲ: ಭೂತಗನ್ನಡಿ ಹಿಡಿದು ಓದಿದೆ ಮಾರಾಯ್ರೇ! 6,000 ಅಂತಿದೆ.

ಹಳೇ ರಿಪೇರಿಯವ: ಹಾಗಾದರೆ ಬರೆದದ್ದಕ್ಕಿಂತ ಜಾಸ್ತಿಯೇ ಕೊಟ್ಟಿದೆ. ಅಂಗಡಿಯವರನ್ನು ಸುಮ್ನೆ ಬೈಯಬೇಡಿ.

ಕಾರವಾರ ದೋಣಿ: ನಂದೂ ಇದೇ ಕಥೆ. ಬ್ಲೂಟೂತ್ ಇಯರ್‌ಬಡ್ ಹಾಕಿದರೆ ಅರ್ಧ ನಿಮಿಷಕ್ಕೆ ಆಫ್ ಆಗುತ್ತದೆ. ಕೆಪಾಸಿಟಿ ಕಮ್ಮಿಯಾ?

ಹಳೇ ರಿಪೇರಿಯವ: ಅದು ಬೇರೆ ವಿಷಯ. ಇಯರ್‌ಬಡ್ ಎಳೆಯುವ ಕರೆಂಟು ತೀರಾ ಕಮ್ಮಿ. ಏನೂ ಸಿಕ್ಕಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ಮಲಗುತ್ತದೆ. ಕೆಲವದರಲ್ಲಿ ಬಟನ್ ಎರಡು ಸಲ ಒತ್ತಿದರೆ ಎಚ್ಚರ ಇರುತ್ತದೆ.

ಕುಮಟಾ ಕಿಟ್ಟಿ: ಸರಿ ಅಣ್ಣ, ಒಪ್ಪಿದೆ. 9 ವೋಲ್ಟ್ ಫಾಸ್ಟ್ ಚಾರ್ಜ್ ಹಾಕಿದರೆ ಜಾಸ್ತಿ ಸಿಗುತ್ತದಾ?

ಹಳೇ ರಿಪೇರಿಯವ: ಅಷ್ಟೇ ವ್ಯಾಟ್‌ಗೆ ಕರೆಂಟು ಕಮ್ಮಿ ಸಾಕು, ಹಾಗಾಗಿ ಕೇಬಲ್‌ನಲ್ಲಿ ಉಳಿಯುತ್ತದೆ. ಆದರೆ 3.7ರಿಂದ 9ಕ್ಕೆ ಏರಿಸುವಾಗ ಸರ್ಕ್ಯೂಟ್ ಜಾಸ್ತಿ ತಿನ್ನಬಹುದು. ಮಾಡೆಲ್ ಮೇಲೆ ಹೋಗುತ್ತದೆ. ಶಿರಸಿಯವರ ಹತ್ತಿರ ಮೀಟರ್ ಇದೆಯಲ್ಲ, ಫೋನ್ ಆಫ್ ಮಾಡಿ ಎರಡೂ ರೀತಿ ಅಳೆದು ಹಾಕಲಿ.

ಶಿರಸಿ ಮಳೆಗಾಲ: ಮೊದಲು ಕರೆಂಟು ಬರಲಿ. ಪವರ್ ಬ್ಯಾಂಕ್ ಖಾಲಿ.