ಪಂಪ್ ರಿಪೇರಿ ಬಿಲ್‌ನಲ್ಲಿ ಎರಡು ದಿನದ ಕೂಲಿ ಜಾಸ್ತಿ: ಒಪ್ಪಿದ್ದಷ್ಟು ಕಟ್ಟಿ ಉಳಿದದ್ದಕ್ಕೆ ಹೇಗೆ ಬರೆಯಲಿ?

ಮೂಡಿಗೆರೆ_ತೋಟ: ರೊಬಸ್ಟಾಗೆ ಹೂವಿನ ನೀರು ಹೊಡೆಯುವ ಹೊತ್ತಿಗೇ ಸ್ಪ್ರಿಂಕ್ಲರ್ ಪಂಪಿನ ಮೋಟರ್ ಸುಟ್ಟಿತು. ರಿಪೇರಿ ಚೆನ್ನಾಗೇ ಆಗಿದೆ, ಫೆಬ್ರವರಿ 28ಕ್ಕೆ ಪಂಪ್ ಓಡಿತು. ಬಿಲ್ ಬಂದದ್ದು ಹೀಗೆ: ರೀವೈಂಡಿಂಗ್ 18,000, ಬೇರಿಂಗ್ ಮತ್ತು ಸೀಲ್ 6,500, ಕೂಲಿ 4 ದಿನಕ್ಕೆ 10,000, ಗಾಡಿ ಬಾಡಿಗೆ 3 ಸಲಕ್ಕೆ 4,500. ಜಿಎಸ್‌ಟಿ ಸೇರಿ 46,020. ತೋಟದಲ್ಲಿ ಕೆಲಸ ನಡೆದದ್ದು ಎರಡೇ ದಿನ, ಗಾಡಿ ಬಂದದ್ದು ಎರಡೇ ಸಲ. ನಮ್ಮ ರೈಟರ್ ಚೆಕ್‌ರೋಲಿನಲ್ಲಿ ಬರೆದಿಟ್ಟಿದ್ದಾರೆ. ಇನ್ನೊಂದು ಸುತ್ತು ನೀರು ಬಾಕಿ ಇದೆ, ರಿಪೇರಿಯವರನ್ನು ಕಳ್ಕೊಳ್ಳೋ ಹಾಗಿಲ್ಲ. ಏನು ಮಾಡಲಿ?

ಸಕಲೇಶಪುರ_ಏಲಕ್ಕಿ: ಸುಲಭ ಅಲ್ವಾ? ಸರಿ ಅನಿಸಿದಷ್ಟು ಹಾಕಿ, ರಿಮಾರ್ಕ್ಸ್‌ನಲ್ಲಿ ‘ಪೂರ್ತಿ ಲೆಕ್ಕ ಚುಕ್ತಾ’ ಅಂತ ಬರೆಯಿರಿ. ದುಡ್ಡು ತಗೊಂಡರೆ ಮುಗೀತು.

ಹಾಸನ_ಲೆಕ್ಕದವ: ಏಲಕ್ಕಿ ಅಣ್ಣ, ಅರ್ಧ ಸರಿ. ಕಡಿಮೆ ದುಡ್ಡಿಗೇ ಚುಕ್ತಾ ಅಂತ ಅವರು ಒಪ್ಪಿದರೆ ಸಾಲ ತೀರುತ್ತದೆ, 1872ರ ಕರಾರು ಕಾಯ್ದೆಯ 63ನೇ ಕಲಮಿನಲ್ಲಿ ಅದಕ್ಕೆ ಜಾಗ ಇದೆ. ಆದರೆ ಒಪ್ಪಬೇಕಾದವರು ಅವರು. ಖಾತೆಗೆ ತಾನಾಗಿ ಬಂದು ಬಿದ್ದ ದುಡ್ಡು ಒಪ್ಪಿಗೆ ಅಲ್ಲ ಅಂತ ವಾದ ಮಾಡುತ್ತಾರೆ, ಜೊತೆಗೆ ಸಂಬಂಧವೂ ಕೆಡುತ್ತದೆ.

ತೋಟದವರೇ, ಒಂದು ಕೇಳ್ತೀನಿ. ಆ ಉಳಿದೆರಡು ದಿನ ವರ್ಕ್‌ಶಾಪಿನಲ್ಲಿ ವೈಂಡಿಂಗ್ ಮಾಡಿದ ಕೂಲಿ ಇರಬಹುದಲ್ಲ? ಹಾಗಿದ್ದರೆ ನಿಮ್ಮ ಚೆಕ್‌ರೋಲ್ ಏನನ್ನೂ ಸಾಬೀತು ಮಾಡುವುದಿಲ್ಲ. ರೇಟ್ ಹೇಳುವಾಗ ಏನಂದಿದ್ದರು, ನೋಡಿ.

ಮೂಡಿಗೆರೆ_ತೋಟ: ವಾಟ್ಸಾಪ್ ಹುಡುಕಿದೆ ಸರ್. ‘ರೀವೈಂಡಿಂಗ್ ಕೂಲಿ ಸೇರಿ 18,000’ ಅಂತಲೇ ಇದೆ! ಇದನ್ನು ನಾನೇ ಮರೆತಿದ್ದೆ.

ಬೇಲೂರು_ಮಂಜು: ನನ್ನದೂ ಇದೇ ಗೋಳು. ಕರೆಂಟ್ ಬಿಲ್ ಮೂರು ಪಟ್ಟು ಬಂದಿದೆ. ಅರ್ಧ ಕಟ್ಟಿದರೆ ಫ್ಯೂಸ್ ಕೀಳಲ್ವಾ?

ಹಾಸನ_ಲೆಕ್ಕದವ: ಮಂಜು, ಅದಕ್ಕೆ ಬೇರೆ ನಿಯಮ. ಇಲ್ಲಿ ಹೇಳುವುದನ್ನು ಅಲ್ಲಿ ಮಾಡಬೇಡಿ, ಬೇರೆ ಚರ್ಚೆ ಶುರು ಮಾಡಿ.

ತೋಟದವರೇ, ಈಗ ನಿಮ್ಮ ಕೈ ಗಟ್ಟಿ. ಒಪ್ಪದ್ದು ಎರಡು ದಿನದ ಕೂಲಿ 5,000, ಒಂದು ಗಾಡಿ 1,500. ಅದರ ಮೇಲಿನ 18% ತೆರಿಗೆಯನ್ನೂ ತಡೆಯಿರಿ, ಅನೇಕರು ಇಲ್ಲೇ ಎಡವುತ್ತಾರೆ. ತಡೆಯುವುದು 7,670, ಕಟ್ಟುವುದು 38,350. ಕಟ್ಟುವ ದಿನವೇ ಇದನ್ನು ಇಮೇಲ್ ಮಾಡಿ, ವಾಟ್ಸಾಪಿಗೂ ಹಾಕಿ:

> ನಿಮ್ಮ ಬಿಲ್ ನಂ. 214, ಒಟ್ಟು ₹46,020. ಇದರಲ್ಲಿ ರೀವೈಂಡಿಂಗ್, ಬೇರಿಂಗ್ ಮತ್ತು ಸೀಲ್, 2 ದಿನದ ಕೂಲಿ, 2 ಸಲದ ಗಾಡಿ ಬಾಡಿಗೆ ಒಪ್ಪಿದ್ದೇವೆ. ಇವುಗಳಿಗೆ ಜಿಎಸ್‌ಟಿ ಸೇರಿ ₹38,350 ಇಂದು ಕಳಿಸಿದ್ದೇವೆ, ಇವಕ್ಕೇ ಜಮಾ ಮಾಡಿಕೊಳ್ಳಿ. ಉಳಿದ ₹7,670 ಒಪ್ಪಿಲ್ಲ. ರೀವೈಂಡಿಂಗ್ ರೇಟಿನಲ್ಲೇ ಕೂಲಿ ಸೇರಿದೆ ಎಂದು ನೀವು ಬರೆದ ಮೆಸೇಜ್ ಲಗತ್ತಿಸಿದ್ದೇವೆ. ಮೂರನೇ ಸಲ ಗಾಡಿ ಬಂದ ದಾಖಲೆ ನಮ್ಮಲ್ಲಿಲ್ಲ. ನಿಮ್ಮಲ್ಲಿದ್ದರೆ ಕಳಿಸಿ, ನೋಡಿ ಕೊಡುತ್ತೇವೆ. ಇಲ್ಲದಿದ್ದರೆ ಅಷ್ಟಕ್ಕೆ ಕ್ರೆಡಿಟ್ ನೋಟ್ ಕೊಡಿ.

‘ಬಾಕಿ ಆಮೇಲೆ ಕೊಡ್ತೀನಿ’ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಅದು ಪೂರ್ತಿ ಬಿಲ್ ಒಪ್ಪಿದ ಹಾಗೆ. ಬ್ಯಾಂಕ್ ರಿಮಾರ್ಕ್ಸ್‌ನಲ್ಲಿ ಸುಮ್ನೆ ‘ಬಿಲ್ 214, ಒಪ್ಪಿದ ಭಾಗ’ ಅಂದರೆ ಸಾಕು.

ಇನ್ನೊಂದು. ಅವರದು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕವಾಗಿದ್ದರೆ, ಕೆಲಸ ಮುಗಿದ 15 ದಿನದೊಳಗೆ ತಕರಾರು ಬರಹದಲ್ಲಿ ಹೋಗಬೇಕು. ಇಲ್ಲದಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕೆಲಸ ಒಪ್ಪಿಕೊಂಡಂತೆ ಲೆಕ್ಕ. ತಡವಾದ ದುಡ್ಡಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯೂ ಕೇಳಬಹುದು. ನಿಮಗೆ ಮಾರ್ಚ್ 15ರವರೆಗೆ ಟೈಮಿದೆ. ಫೋನಿನಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ.

ಸಕಲೇಶಪುರ_ಏಲಕ್ಕಿ: ಇಷ್ಟೊಂದು ಯಾಕೆ? ಬಿಲ್ ತಿದ್ದಿಸಿ ಹೊಸದು ತಗೊಂಡು ಆಮೇಲೆ ಕಟ್ಟಿದರಾಯ್ತು.

ಹಾಸನ_ಲೆಕ್ಕದವ: ಅವರು ತಿದ್ದೋವರೆಗೆ 38 ಸಾವಿರ ನೀವು ಹಿಡಿದಿಟ್ಟ ಹಾಗಾಯ್ತಲ್ಲ ಅಣ್ಣ. ಆಗ ಜಗಳದ ವಿಷಯ ಕೂಲಿ ಅಲ್ಲ, ನೀವು ದುಡ್ಡು ಕೊಟ್ಟಿಲ್ಲ ಅನ್ನೋದು.

ಮೂಡಿಗೆರೆ_ತೋಟ: 9ಕ್ಕೆ ಕಳಿಸಿದೆ, 11ಕ್ಕೆ ಉತ್ತರ ಬಂತು. ಮೂರನೇ ಗಾಡಿ ನಿಜ. ಮರೆತ ಕಪ್ಲಿಂಗ್ ತಂದು ಗೇಟಿನಲ್ಲೇ ಕೊಟ್ಟು ಹೋಗಿದ್ದರು, ಚೀಟಿಯಲ್ಲಿ ನಮ್ಮ ವಾಚ್‌ಮನ್ ಸಹಿ ಇದೆ. ಅದಕ್ಕೆ 1,770 ಅವತ್ತೇ ಹಾಕಿದೆ. ಕೂಲಿಯ 5,900 ಬಗ್ಗೆ ‘ಹುಡುಗನ ಹತ್ರ ಕೇಳಿ ಹೇಳ್ತೀನಿ’ ಅಂದಿದ್ದಾರೆ. ಎರಡನೇ ಸುತ್ತಿನ ನೀರಿಗೆ ಮುಂಚೆ ಪಂಪ್ ನೋಡಲು ಬರ್ತಾರಂತೆ.