ಸಹಾಯ ಬೇಕು: ಅಪ್ಪೆಮಿಡಿ ಉಪ್ಪಿನಕಾಯಿ ಪುಣೆಗೆ ಸೋರದೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಮನೆ. ನಾನು ಗೃಹಿಣಿ. ನಿನ್ನೆ ಮೊದಲ ಆನ್‌ಲೈನ್ ಆರ್ಡರ್ ಬಂತು, ಪುಣೆಯಿಂದ, 2 ಕೆಜಿ ಅಪ್ಪೆಮಿಡಿ! ಹಣವನ್ನೂ ಹಾಕಿಬಿಟ್ಟಿದ್ದಾರೆ, ತುಂಬಾ ಖುಷಿಯಾಗಿದೆ.

ಉಪ್ಪಿನಕಾಯಿ ಬಗ್ಗೆ ಚಿಂತೆಯಿಲ್ಲ. ಮಿಡಿ ಉಪ್ಪಲ್ಲಿ ಚೆನ್ನಾಗಿ ಚಿರುಟಿದೆ, ಸಾಸಿವೆ, ಮೆಣಸು ಅರೆದು ಕಲಸಿ ಭರಣಿಯಲ್ಲಿಟ್ಟಿದ್ದೇನೆ. ತೊಂದರೆ ಇರೋದು ರಸದ್ದು. ನಮ್ಮ ಕಡೆಯದಕ್ಕೆ ಎಣ್ಣೆ ಹಾಕಲ್ಲ, ಉಪ್ಪುನೀರಿನ ರಸವೇ ಜಾಸ್ತಿ, ಅದು ಸಣ್ಣ ಸಂದಿ ಸಿಕ್ಕರೂ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ರಾತ್ರಿಯೆಲ್ಲಾ ತಲೆಕೆಳಗಾಗಿಟ್ಟು ನೋಡಿದೆ, ಬೆಳಿಗ್ಗೆ ಮುಚ್ಚಳದ ಸುತ್ತ ಕೆಂಪಗೆ ಒಸರಿತ್ತು. ಗಾಜಿನ ಬಾಟಲಿ ಒಡೆಯುವ ಭಯ, ತಗಡಿನ ಮುಚ್ಚಳ ಉಪ್ಪು ಹುಳಿಗೆ ತುಕ್ಕು ಹಿಡಿಯುತ್ತದೆ.

ಪೌಚ್ ಬಿಸಿ ಮಾಡಿ ಅಂಟಿಸೋಣ ಅಂದರೆ, ಬಾಯಿಗೆ ಒಂದು ಹನಿ ರಸ ತಾಗಿದರೂ ಅಲ್ಲಿ ಸೀಲ್ ಸರಿಯಾಗಿ ಕೂರಲ್ಲ. ಉದ್ದ ಕೊಳವೆಯ ಆಲಿಕೆ ಇಟ್ಟು ತುಂಬಿದರೆ ಸಾಕಾ, ಅಥವಾ ಬಾಯಿ ಒರೆಸಿ ಎರಡು ಗೆರೆ ಸೀಲ್ ಹಾಕಬೇಕಾ? ಇನ್ನೊಂದು, ಸಾಸಿವೆ ಕಲಸಿದ ಹೊಸದರಲ್ಲಿ ಸ್ವಲ್ಪ ಹುದುಗು ಬಂದು ಗಾಳಿ ಕಟ್ಟುತ್ತದೆ ಅಲ್ವಾ, ಪೌಚ್ ಉಬ್ಬಿ ದಾರಿಯಲ್ಲೇ ಒಡೆದರೆ? ಎಷ್ಟು ದಿನ ಭರಣಿಯಲ್ಲೇ ಬಿಟ್ಟು ಆಮೇಲೆ ತುಂಬುತ್ತೀರಿ?

ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ, 14 ಅಂಕಿಯ ನಂಬರ್ ಲೇಬಲ್ ಮೇಲೆ ಹಾಕಿದ್ದೇನೆ. ಅಪ್ಪೆಮಿಡಿಯನ್ನೇ ಕೊರಿಯರ್‌ನಲ್ಲಿ ಕಳಿಸಿ ಗೊತ್ತಿರುವ ಅಕ್ಕಂದಿರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಸೋಮವಾರ ಕಳಿಸಬೇಕು.